ಅಸಮತೆ ಸಾಧಿಸುವುದು ಹೇಗೆ? ಮೊದಲು ‘ಸಮ’ ಆಗುವ ಜಾಗ ಹುಡುಕಿ

ಶಿವಮೊಗ್ಗದ ನಮ್ಮ ಪಿಯು ಕಾಲೇಜಿನ ಗಣಿತ ಕೂಟ ಶನಿವಾರ ಮಧ್ಯಾಹ್ನ ಸೇರುತ್ತದೆ. ದ್ವಿತೀಯ ಪಿಯುಸಿಯವರು ಚಿಕ್ಕವರಿಗೆ ಒಂದೊಂದು ವಿಷಯ ಹೇಳಿಕೊಡಬೇಕು ಅನ್ನುವುದು ಅಲ್ಲಿಯ ಪದ್ಧತಿ. ಈ ಸಲ ನನ್ನ ಪಾಲಿಗೆ ಬಂದದ್ದು ಅಸಮತೆ. ಮಾತಿಗೆ ಮುಂಚೆ ಎಲ್ಲರಿಗೂ ಒಂದು ಲೆಕ್ಕ ಕೊಟ್ಟು ನೋಟ್‌ಬುಕ್ ತರಿಸಿಕೊಂಡೆ. ಹೆಚ್ಚಿನವರು ಒಂದೇ ಜಾಗದಲ್ಲಿ ಎಡವಿದ್ದರು. ಅವತ್ತಿನ ಮಾತೆಲ್ಲ ಆ ಒಂದು ಜಾಗದ ಬಗ್ಗೆಯೇ ಆಯಿತು. ಅದನ್ನೇ ಇಲ್ಲಿ ಬರೆದಿದ್ದೇನೆ.

ನಮ್ಮ ದೇಶದಲ್ಲಿ ಗಣಿತ ಒಲಿಂಪಿಯಾಡ್‌ನ ಮೊದಲ ಸುತ್ತಾದ ಐಒಕ್ಯೂಎಂ ಪರೀಕ್ಷೆಯಲ್ಲಿ ಉತ್ತರದ ಸಂಖ್ಯೆ ತುಂಬಿದರೆ ಸಾಕು. ಅದರ ಮುಂದಿನ ಸುತ್ತಾದ ಆರ್‌ಎಂಒದಲ್ಲಿ ಸಾಧನೆಯನ್ನು ಪೂರ್ತಿ ಬರೆಯಬೇಕು. ಅಲ್ಲಿ ಉತ್ತರ ಸರಿ ಕಂಡರೂ ನಡುವಿನ ಒಂದು ಸಾಲು ತಪ್ಪಿದರೆ ಸಾಧನೆಯೇ ಬಿದ್ದುಹೋಗುತ್ತದೆ.

ಹಂತ 1: ಸಲಕರಣೆ

ಬೇಕಾದದ್ದು ಒಂದೇ: ಸಮಾಂತರ ಮಾಧ್ಯ ಯಾವತ್ತೂ ಗುಣೋತ್ತರ ಮಾಧ್ಯಕ್ಕಿಂತ ಕಡಿಮೆ ಆಗುವುದಿಲ್ಲ. ನಾವೆಲ್ಲ ಇದನ್ನು ಎಎಂ-ಜಿಎಂ ಅನ್ನುತ್ತೇವೆ. ಎರಡು ಧನ ಸಂಖ್ಯೆಗಳಿಗೆ

p + q ≥ 2√(pq)

(√p − √q)² ಸೊನ್ನೆಗಿಂತ ಕಡಿಮೆ ಆಗದು. ಬಿಡಿಸಿ ಬರೆದರೆ ಇದೇ ಸಿಗುತ್ತದೆ. ಮೂರು ಸಂಖ್ಯೆಗಳಾದರೆ p + q + r ≥ 3∛(pqr). ಇಷ್ಟು ಎಲ್ಲರಿಗೂ ಬಾಯಿಪಾಠ. ಆದರೆ p ಮತ್ತು q ಒಂದೇ ಆದಾಗ ಮಾತ್ರ ಎರಡೂ ಕಡೆ ಸಮ ಆಗುತ್ತವೆ ಅನ್ನುವ ಅರ್ಧವನ್ನು ಯಾರೂ ಬರೆದಿಟ್ಟುಕೊಳ್ಳುವುದಿಲ್ಲ. ಕೆಲಸಕ್ಕೆ ಬರುವುದು ಆ ಅರ್ಧವೇ.

ಹಂತ 2: ಸಮ ಆಗುವ ಜಾಗ

ಚಿಕ್ಕ ಲೆಕ್ಕ ನೋಡಿ. x ≥ 3 ಆದಾಗ x + 1/x ನ ಕನಿಷ್ಠ ಬೆಲೆ ಎಷ್ಟು? ಹಿಂದಿನ ಬೆಂಚಿನಿಂದ ‘ಎರಡು’ ಅಂತ ಉತ್ತರ ಬಂತು. x + 1/x ≥ 2 ಅನ್ನುವುದೇನೋ ಸುಳ್ಳಲ್ಲ. ಆದರೆ ಅಲ್ಲಿ ಸಮ ಆಗಬೇಕಾದರೆ x ಮತ್ತು 1/x ಒಂದೇ ಆಗಬೇಕು, ಅಂದರೆ x = 1 ಆಗಬೇಕು. ನಮಗೆ ಅಲ್ಲಿಗೆ ಹೋಗಲು ಅನುಮತಿಯೇ ಇಲ್ಲ. ಹಾಗಾಗಿ 2 ಅನ್ನುವ ಬೆಲೆಯನ್ನು ಈ ಮೊತ್ತ ಎಂದೂ ಮುಟ್ಟುವುದಿಲ್ಲ.

ಕನಿಷ್ಠ ಬೆಲೆ x = 3 ರಲ್ಲಿ ಬರುತ್ತದೆ ಅಂತ ಊಹಿಸಿ. ಅಲ್ಲಿ 1/x ನ ಬೆಲೆ 1/3. ಅದಕ್ಕೆ ಜೋಡಿಯಾಗಿ x ನಲ್ಲಿ 1/3 ಬೆಲೆಯ ತುಂಡು ಬೇಕು: x/9. ಅಷ್ಟನ್ನು ಮಾತ್ರ ಮುರಿದುಕೊಳ್ಳಿ.

x + 1/x = (x/9 + 1/x) + 8x/9 ≥ 2/3 + 8/3 = 10/3

ಆವರಣದೊಳಗಿನದು ಎಎಂ-ಜಿಎಂನಿಂದ, ಹೊರಗಿನದು x ≥ 3 ರಿಂದ. ಎರಡೂ x = 3 ರಲ್ಲೇ ಸಮ ಆಗುತ್ತವೆ, ಆದ್ದರಿಂದ 10/3 ನಿಜವಾದ ಕನಿಷ್ಠ. ಎಲ್ಲಿ ಸಮ ಅಂತ ಮೊದಲು ತಿಳಿದರೆ ಎಷ್ಟು ಮುರಿಯಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ.

ಹಂತ 3: ಎಲ್ಲರೂ ಎಡವುವ ಜಾಗ

ಕೂಟದಲ್ಲಿ ಕೊಟ್ಟ ಲೆಕ್ಕ 1995ರಲ್ಲಿ ಕೆನಡಾದ ಟೊರೊಂಟೊದಲ್ಲಿ ನಡೆದ ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್‌ನ ಎರಡನೇ ಪ್ರಶ್ನೆ. a, b, c ಧನ ಸಂಖ್ಯೆಗಳು, abc = 1. ಆಗ

1/(a³(b+c)) + 1/(b³(c+a)) + 1/(c³(a+b)) ≥ 3/2

ಎಂದು ಸಾಧಿಸಬೇಕು.

ತೀರ್ಥಹಳ್ಳಿ ಕಡೆಯಿಂದ ಬಸ್ಸಿನಲ್ಲಿ ಬರುವ ಹುಡುಗಿಯೊಬ್ಬಳು ಐದೇ ನಿಮಿಷಕ್ಕೆ ಎದ್ದು ನಿಂತಳು. ‘ಅಕ್ಕಾ, ಮೂರೇ ಸಾಲಲ್ಲಿ ಮುಗೀತು’ ಅಂದಳು. ಬೋರ್ಡಿನ ಮೇಲೆ ಬರೆಯಲು ಹೇಳಿದೆ. ಅವಳು ಮೂರೂ ಪದಗಳಿಗೆ ಒಟ್ಟಿಗೆ ಎಎಂ-ಜಿಎಂ ಹಾಕಿದ್ದಳು. abc = 1 ಆದ್ದರಿಂದ ಘನಗಳೆಲ್ಲ ಕಳೆದುಹೋಗಿ, P = (a+b)(b+c)(c+a) ಅಂತಿಟ್ಟರೆ ಮೊತ್ತ ≥ 3/∛P ಎಂದು ಬರುತ್ತದೆ. ಇದು ಸರಿ. ಆಮೇಲೆ a+b ≥ 2√(ab) ಮುಂತಾದ ಮೂರನ್ನೂ ಗುಣಿಸಿ P ≥ 8 ಅಂದಳು. ಇದೂ ಸರಿ. ‘ಎಂಟರ ಘನಮೂಲ ಎರಡು, ಹಾಗಾಗಿ 3/2’ ಅಂತ ಮುಗಿಸಿದಳು.

ತಪ್ಪಿರುವುದು ಕೊನೆಯ ಜಿಗಿತದಲ್ಲಿ. P ದೊಡ್ಡದಾದಷ್ಟೂ 3/∛P ಚಿಕ್ಕದಾಗುತ್ತದೆ, ಏಕೆಂದರೆ P ಛೇದದಲ್ಲಿದೆ. P ≥ 8 ನಿಂದ ಸಿಗುವುದು 3/∛P ≤ 3/2. ಅಂದರೆ ಅವಳ ಕೈಯಲ್ಲಿದ್ದದ್ದು ‘ಮೊತ್ತ ಇದಕ್ಕಿಂತ ದೊಡ್ಡದು, ಇದು 3/2ಕ್ಕಿಂತ ಚಿಕ್ಕದು’ ಅನ್ನುವ ಎರಡು ಮಾತು. 5 ಮೂರಕ್ಕಿಂತ ದೊಡ್ಡದು, 3 ಏಳಕ್ಕಿಂತ ಚಿಕ್ಕದು. ಅಷ್ಟರಿಂದ 5 ಮತ್ತು 7ರಲ್ಲಿ ಯಾವುದು ದೊಡ್ಡದು ಅಂತ ಹೇಳಲಾಗುವುದಿಲ್ಲ.

ಈ ತಪ್ಪು ಕಣ್ಣಿಗೆ ಬೀಳದಿರುವುದಕ್ಕೆ ಕಾರಣ ಇದೆ. a = b = c = 1 ಇಟ್ಟು ನೋಡಿದರೆ ಎಲ್ಲ ಸಾಲುಗಳೂ 3/2 ಎಂದೇ ತೋರಿಸುತ್ತವೆ. ಅದಕ್ಕೇ ನಾನು ಹೇಳುವುದು: ಸಮ ಆಗುವ ಜಾಗದಲ್ಲಿ ಮಾತ್ರ ಪರೀಕ್ಷಿಸಬೇಡಿ, ಅದರಿಂದ ದೂರ ಇರುವ ಇನ್ನೊಂದು ಜಾಗದಲ್ಲೂ ನಡುವಿನ ಸಾಲನ್ನು ಪರೀಕ್ಷಿಸಿ. a = b = 2, c = 1/4 ಇಡಿ. ಗುಣಲಬ್ಧ 1 ಆಗಿಯೇ ಇದೆ. P = 4 × 9/4 × 9/4 = 81/4, ಸುಮಾರು 20. 27ರ ಘನಮೂಲ 3, ಆದ್ದರಿಂದ 20ರ ಘನಮೂಲ ಮೂರಕ್ಕಿಂತ ತುಸು ಕಡಿಮೆ. 3/∛P ಒಂದಕ್ಕಿಂತ ಸ್ವಲ್ಪ ಹೆಚ್ಚು ಅಷ್ಟೆ, 3/2ರ ಹತ್ತಿರಕ್ಕೂ ಬರುವುದಿಲ್ಲ. ನಿಜವಾದ ಮೊತ್ತವನ್ನು ಲೆಕ್ಕ ಹಾಕಿದರೆ 1/18 + 1/18 + 16, ಅಂದರೆ ಹದಿನಾರಕ್ಕೂ ಮೇಲೆ. ಪ್ರಶ್ನೆ ಹೇಳಿದ್ದು ನಿಜವೇ, ಆದರೆ ನಾವು ನಡುವೆ ಇಟ್ಟ ಮೆಟ್ಟಿಲು ತೀರಾ ಕೆಳಗಿದೆ. ಅಲ್ಲಿಂದ ಮೇಲೆ ಹತ್ತಲು ದಾರಿ ಇಲ್ಲ. ಆ ದಾರಿ ಬಿಟ್ಟು ಹೊಸದನ್ನೇ ಹುಡುಕಬೇಕು, ತೇಪೆ ಹಾಕುತ್ತಾ ಕೂರಬಾರದು.

ಇಂಥ ಪರೀಕ್ಷೆಗೆ ಕ್ಯಾಲ್ಕುಲೇಟರ್ ಮುಟ್ಟಬೇಡಿ. ಪರೀಕ್ಷಾ ಕೋಣೆಯಲ್ಲಿ ಅದು ಇರುವುದಿಲ್ಲ, ಒರಟು ಅಂದಾಜು ಸಾಕು.

ಹಂತ 4: ಛೇದವನ್ನು ಹಗುರ ಮಾಡಿ

ಘನಗಳು ಛೇದದಲ್ಲಿ ಕೂತಿರುವುದೇ ತೊಂದರೆ. x = 1/a, y = 1/b, z = 1/c ಅಂತ ಬದಲಿಸಿ; xyz ಕೂಡ 1. b + c = 1/y + 1/z = (y+z)/(yz). ಮೊದಲ ಪದ x³yz/(y+z) ಆಗುತ್ತದೆ. xyz = 1 ಆದ್ದರಿಂದ ಅದು x²/(y+z). ಈಗ ಸಾಧಿಸಬೇಕಾದದ್ದು

x²/(y+z) + y²/(z+x) + z²/(x+y) ≥ 3/2

ಹಂತ 5: ಆಸರೆ ಪದ

ಗೊನೆ ಬಿಟ್ಟ ಬಾಳೆಗೆ ಕೋಲು ಆನಿಸುತ್ತೇವಲ್ಲ, ಹಾಗೆ x²/(y+z) ಪಕ್ಕಕ್ಕೆ ಒಂದು ಪದ ಆನಿಸಬೇಕು. ಗುಣಿಸಿದಾಗ ಛೇದ ಹೋಗಬೇಕಾದ್ದರಿಂದ ಅದು (y+z)/k ರೂಪದಲ್ಲಿರಬೇಕು. k ಎಷ್ಟು ಅನ್ನುವುದೇ ಪ್ರಶ್ನೆ, ಇದನ್ನು ಅವಸರದಲ್ಲಿ ಆರಿಸಿ ಕೆಡಿಸಿಕೊಂಡವರನ್ನು ಬಹಳ ನೋಡಿದ್ದೇನೆ.

k = 1 ಇಟ್ಟರೆ x²/(y+z) + (y+z) ≥ 2x. ಮೂರನ್ನೂ ಕೂಡಿಸಿ. ಮೊತ್ತವನ್ನು S ಅನ್ನೋಣ. S + 2(x+y+z) ≥ 2(x+y+z), ಅಂದರೆ S ≥ 0. ಸುಳ್ಳೇನೂ ಇಲ್ಲ, ಆದರೆ ಅದು ಮೊದಲೇ ಗೊತ್ತಿತ್ತು. k = 2 ಇಟ್ಟರೆ S ≥ (√2 − 1)(x+y+z), ಅಂದರೆ x+y+z ನ ಸುಮಾರು 0.41 ಪಾಲು. x+y+z ಕನಿಷ್ಠ 3 ಇರುವುದರಿಂದ, 3/2 ಸಿಗಲು ನಮಗೆ ಬೇಕಾದದ್ದು 0.5 ಪಾಲು. ಉತ್ತರದಲ್ಲಿ ಇಲ್ಲದ ವರ್ಗಮೂಲ ನಡುವೆ ತಲೆ ಹಾಕಿತೆಂದರೆ k ತಪ್ಪಿರಬಹುದು ಅಂತ ಅನುಮಾನಪಡಿ.

ಸರಿಯಾದ k ಊಹೆಯಿಂದ ಬರುವುದಲ್ಲ. ಸಮ ಆಗುವ ಜಾಗ x = y = z = 1. ಅಲ್ಲಿ x²/(y+z) ನ ಬೆಲೆ 1/2. ಆಸರೆಯ ಬೆಲೆ 2/k. ಎಎಂ-ಜಿಎಂ ಸಮ ಆಗಲು ಎರಡೂ ಒಂದೇ ಆಗಬೇಕು, ಆದ್ದರಿಂದ k = 4.

x²/(y+z) + (y+z)/4 ≥ 2√(x²/4) = x

ಹೀಗೇ ಉಳಿದೆರಡನ್ನೂ ಬರೆದು ಕೂಡಿಸಿ. ಆಸರೆಗಳ ಮೊತ್ತ (x+y+z)/2. ಗೊನೆ ಕಡಿದ ಮೇಲೆ ಕೋಲು ತೆಗೆಯುವಂತೆ ಅದನ್ನು ಕಳೆದರೆ

S ≥ (x+y+z)/2

ಕೊನೆಗೆ x+y+z ≥ 3∛(xyz) = 3. ಆದ್ದರಿಂದ S ≥ 3/2. ಇಲ್ಲಿ ಎರಡು ಸಲ ಎಎಂ-ಜಿಎಂ ಬಳಸಿದ್ದೇವೆ, ಎರಡೂ x = y = z = 1 ರಲ್ಲೇ ಸಮ ಆಗುತ್ತವೆ. ಒಂದು ಸಾಲು ಒಂದು ಕಡೆ, ಇನ್ನೊಂದು ಸಾಲು ಬೇರೆ ಕಡೆ ಸಮ ಆಗಿದ್ದರೆ ಕೊನೆಯ ಬೆಲೆಯನ್ನು ಮುಟ್ಟಲು ಆಗುತ್ತಲೇ ಇರಲಿಲ್ಲ.

ಅಡ್ಡದಾರಿಗಳ ಬಗ್ಗೆ

ಕೋಶಿ ಅಸಮತೆ ಗೊತ್ತಿದ್ದವರು S ≥ (x+y+z)²/(2(x+y+z)) ಅಂತ ಹಂತ 5ನ್ನು ಒಂದೇ ಸಾಲಿನಲ್ಲಿ ಮುಗಿಸಬಹುದು. ಸರಿಯಾದ ದಾರಿಯೇ. ಆದರೂ ಮೊದಲ ಕೆಲವು ತಿಂಗಳು ಆಸರೆ ಪದದ ದಾರಿಯಲ್ಲೇ ಹೋಗಿ. ಅಂಶದಲ್ಲಿ ವರ್ಗದ ಬದಲು ಘನ ಬಂದ ದಿನ ಕೋಶಿಯ ಆ ಸಾಲು ನೇರವಾಗಿ ಕೂರುವುದಿಲ್ಲ, ಆಸರೆ ಕೂರುತ್ತದೆ.

ಅವಕಲನ ಕಲಿತವರು ಲಗ್ರಾಂಜ್ ವಿಧಾನ ತರುತ್ತಾರೆ. ಅದು ಕೊಡುವುದು ಅಭ್ಯರ್ಥಿ ಬಿಂದುಗಳನ್ನು ಮಾತ್ರ. x ಸೊನ್ನೆಯ ಹತ್ತಿರ ಹೋದಾಗ, y ಅನಂತದ ಕಡೆ ಹೋದಾಗ ಏನಾಗುತ್ತದೆ ಅನ್ನುವುದನ್ನು ಬೇರೆಯಾಗಿ ಸಾಧಿಸಬೇಕು. ಅದನ್ನು ಬಿಟ್ಟರೆ ಸಾಧನೆ ಅಪೂರ್ಣ. ಇನ್ನು ಪೇಟೆಯಲ್ಲಿ ಸಿಗುವ ‘ಅಸಮತೆ ಸೂತ್ರಗಳ’ ಪಟ್ಟಿಗಳನ್ನು ಕೊಳ್ಳಬೇಡಿ. ನಾನು ಕೊಂಡದ್ದರಲ್ಲಿ ಹೆಸರುಗಳು ರಾಶಿ ಇದ್ದವು, ಯಾವುದು ಎಲ್ಲಿ ಸಮ ಆಗುತ್ತದೆ ಅಂತ ಒಂದರ ಪಕ್ಕದಲ್ಲೂ ಇರಲಿಲ್ಲ.

ಹಂತ 6: ಬರೆಯುವುದು

ಸಂಖ್ಯೆಗಳು ಧನ ಎಂದು ಹೇಳಿ, ಬದಲಾವಣೆ ಬರೆಯಿರಿ, ಮೂರು ಸಾಲು ಕೂಡಿಸಿ, ಸಮ ಆಗುವುದು a = b = c = 1 ರಲ್ಲಿ ಎಂದು ಸೇರಿಸಿ. k ಹೇಗೆ ಸಿಕ್ಕಿತು ಅನ್ನುವ ಕಥೆ ಕರಡು ಹಾಳೆಯಲ್ಲೇ ಇರಲಿ.

ಅಷ್ಟು ಹೊತ್ತಿಗೆ ಹೊರಗೆ ಮಳೆ ಜೋರಾಗಿತ್ತು, ಬಸ್ಸಿಗೆ ಹೋಗಬೇಕಾದವರು ಕೊಡೆ ಬಿಚ್ಚುತ್ತಿದ್ದರು. ಮುಂದಿನ ಶನಿವಾರಕ್ಕೆ ಅಂತ 1998ರ ಒಲಿಂಪಿಯಾಡ್‌ನ ಆಯ್ದ ಪಟ್ಟಿಯಲ್ಲಿದ್ದ ಒಂದು ಲೆಕ್ಕವನ್ನು ಬೋರ್ಡಿನ ಮೇಲೆ ಬರೆದೆ. a, b, c ಧನ, abc = 1:

a³/((1+b)(1+c)) + b³/((1+c)(1+a)) + c³/((1+a)(1+b)) ≥ 3/4

ಬೋರ್ಡಿನ ಮುಂದೆ ನಿಂತಿದ್ದ ಅದೇ ಹುಡುಗಿ ಸ್ವಲ್ಪ ಹೊತ್ತು ನೋಡಿ, ‘ಅಕ್ಕಾ, ಇದಕ್ಕೆ ಎರಡು ಆಸರೆ ಬೇಕಲ್ವಾ? (1+b)ಗೆ ಒಂದು, (1+c)ಗೆ ಒಂದು?’ ಅಂದಳು. ಹೌದು ಅಂದೆ. ಎರಡನ್ನೂ ಎಷ್ಟರಿಂದ ಭಾಗಿಸಬೇಕು ಅಂತ ನಾನು ಹೇಳುವ ಮೊದಲೇ ಅವಳು a = b = c = 1 ಇಟ್ಟು, ಮೊದಲ ಪದ 1/4 ಅಂತ ಅಂಗೈ ಮೇಲೆ ಬರೆದುಕೊಂಡಾಗಿತ್ತು.