ಬಿಸಿಲು ಬಂತು ಅಂತ ಬೀಚಿಗೆ ಹೊರಡೋ ಮುಂಚೆ ಇಳಿತದ ಟೈಮ್ ನೋಡ್ಕೊಳ್ಳಿ

ವೇಲ್ಸ್ ಕಡೆಗೆ ಹೊಸದಾಗಿ ಬಂದಿರೋ ಫ್ಯಾಮಿಲಿಗಳಿಗೆ ಇದನ್ನ ಬರೀತಿದೀವಿ. ಇಲ್ಲಿ ಒಳ್ಳೆ ಬಿಸಿಲು ಬಿದ್ದ ಶನಿವಾರ ಎಲ್ರೂ ವೆದರ್ ಆಪ್ ನೋಡಿ ಮಕ್ಕಳನ್ನ ಕಾರಲ್ಲಿ ಕೂರಿಸ್ಕೊಂಡು ಸಮುದ್ರದ ಕಡೆ ಹೊರಟುಬಿಡ್ತೀವಿ, ಆದ್ರೆ ನೋಡಬೇಕಾದ್ದು ವೆದರ್ ಒಂದೇ ಅಲ್ಲ. ಸ್ವಾನ್ಸಿ ಸುತ್ತಮುತ್ತ ಉಬ್ಬರಕ್ಕೂ ಇಳಿತಕ್ಕೂ ನಡುವೆ ನೀರಿನ ಮಟ್ಟ ಕೆಲವು ದಿನ 8 ಮೀಟರಿಗಿಂತ ಜಾಸ್ತಿ ಬದಲಾಗುತ್ತೆ. ಬೆಳಗ್ಗೆ ಆರಾಮಾಗಿ ನಡ್ಕೊಂಡು ಹೋದ ಜಾಗ ಸಂಜೆ ನಿಮ್ಮ ತಲೆ ಮೇಲೆ ನೀರು. ಆಕಾಶ ನೀಲಿಯಾಗಿದ್ರೂ ಮೋಡ ಇದ್ರೂ ಈ ಲೆಕ್ಕದಲ್ಲಿ ಏನೂ ವ್ಯತ್ಯಾಸ ಇಲ್ಲ.

ಎಲ್ಲಾ ಜಾಗಗಳ ಬಗ್ಗೆ ಸ್ವಲ್ಪ ಸ್ವಲ್ಪ ಹೇಳೋ ಬದಲು ಒಂದೇ ಜಾಗ ಇಟ್ಕೊಂಡು ಹೇಳ್ತೀವಿ, ಗವರ್‌ನ ರೊಸ್ಸಿಲಿ ಹತ್ರ ಇರೋ ವರ್ಮ್ಸ್ ಹೆಡ್. ಉಬ್ಬರದಲ್ಲಿ ಅದು ದ್ವೀಪ, ಇಳಿತದಲ್ಲಿ ಮಧ್ಯದ ಬಂಡೆಗಳೆಲ್ಲ ಮೇಲೆ ಬಂದು ನಡ್ಕೊಂಡು ದಾಟೋ ದಾರಿ ಆಗುತ್ತೆ. ಇಳಿತದ ಟೈಮಿಗೆ ಎರಡೂವರೆ ಗಂಟೆ ಮುಂಚೆ ದಾರಿ ತೆರೆಯುತ್ತೆ, ಇಳಿತ ಆಗಿ ಎರಡೂವರೆ ಗಂಟೆಗೆ ಮುಚ್ಚುತ್ತೆ, ಒಟ್ಟು ಐದು ಗಂಟೆ. ಆಮೇಲೆ ಸುಮಾರು ಏಳೂವರೆ ಗಂಟೆ ದಾಟೋಕಾಗಲ್ಲ.

ಯಾಕೆ ಎರಡೂವರೆ ಅಂತ ಗೊತ್ತಿದ್ರೆ ಆ ಟೈಮನ್ನ ಯಾರೂ ಹಗುರವಾಗಿ ತಗೊಳಲ್ಲ. ಇಳಿತದಿಂದ ಉಬ್ಬರಕ್ಕೆ ಸುಮಾರು ಆರು ಗಂಟೆ, ಆದ್ರೆ ನೀರು ಗಂಟೆಗೆ ಇಷ್ಟು ಅಂತ ಸಮವಾಗಿ ಏರಲ್ಲ. ಒಟ್ಟು ಏರಿಕೇನ ಹನ್ನೆರಡು ಭಾಗ ಮಾಡಿದ್ರೆ ಮೊದಲ ಗಂಟೇಲಿ ಒಂದು ಭಾಗ, ಎರಡನೇ ಗಂಟೇಲಿ ಎರಡು, ಮೂರು ಮತ್ತು ನಾಲ್ಕನೇ ಗಂಟೇಲಿ ಮೂರು ಮೂರು, ಆಮೇಲೆ ಎರಡು, ಕೊನೆಗೆ ಒಂದು. ಇದು ಅಂದಾಜಿನ ಲೆಕ್ಕ, ಆದ್ರೆ ಬಹಳ ಉಪಯೋಗದ್ದು. 8 ಮೀಟರ್ ಏರೋ ದಿನ ಮೊದಲ ಗಂಟೇಲಿ ಮುಕ್ಕಾಲು ಮೀಟರೂ ಏರಲ್ಲ, ನೋಡಿದವರಿಗೆ ನೀರು ನಿಂತಲ್ಲೇ ನಿಂತಿದೆ ಅನ್ಸುತ್ತೆ, ಇನ್ನೂ ಟೈಮಿದೆ ಅಂತ ಕೂತ್ಕೊತಾರೆ, ಆದ್ರೆ ಮೂರನೇ ಗಂಟೆ ಒಂದರಲ್ಲೇ 2 ಮೀಟರ್ ಏರಿಬಿಡುತ್ತೆ. ಜನ ಸಿಕ್ಕಿಹಾಕಿಕೊಳ್ಳೋದು ಈ ಎರಡು ಗಂಟೆಗಳ ವ್ಯತ್ಯಾಸದಲ್ಲೇ.

ಈಗ ಒಂದು ದಿನದ ಪ್ಲಾನ್ ಹಾಕೋಣ. ಬೇಸಿಗೆಯ ಒಂದು ದಿನ, ಹುಣ್ಣಿಮೆ ಆಗಿ ಒಂದೆರಡು ದಿನ ಅಂದ್ಕೊಳ್ಳಿ. ಅಮಾವಾಸ್ಯೆ ಹುಣ್ಣಿಮೆ ಆದ್ಮೇಲಿನ ದಿನಗಳಲ್ಲೇ ನೀರು ಅತಿ ಕೆಳಗೆ ಇಳಿಯೋದು, ಅತಿ ಮೇಲಕ್ಕೂ ಏರೋದು. ಸ್ವಾನ್ಸಿಯ ಉಬ್ಬರ ಇಳಿತದ ಟೇಬಲ್‌ನಲ್ಲಿ ಇಳಿತ 12:40 ಅಂತ ಇದೆ. ಟೇಬಲ್ ಜಿಎಂಟಿಯಲ್ಲಿದ್ರೆ ಮಾರ್ಚ್ ಕೊನೆಯಿಂದ ಅಕ್ಟೋಬರ್ ಕೊನೆವರೆಗೂ ಒಂದು ಗಂಟೆ ಸೇರಿಸ್ಬೇಕು, ಅಂದ್ರೆ ನಿಮ್ಮ ವಾಚಲ್ಲಿ 1:40. ಪ್ರಿಂಟ್ ಆದ ಟೇಬಲ್ ಎಷ್ಟೋ ಜಿಎಂಟಿಯಲ್ಲೇ ಇರುತ್ತೆ, ಆಪ್‌ಗಳು ಸಾಮಾನ್ಯವಾಗಿ ತಾವೇ ಸೇರಿಸಿ ತೋರಿಸ್ತವೆ. ಇಲ್ಲಿ ಎರಡು ಥರ ತಪ್ಪಾಗುತ್ತೆ, ಎರಡೂ ಒಂದೇ ಅಲ್ಲ. ಸೇರಿಸೋದನ್ನ ಮರೆತ್ರೆ ನೀವು ಒಂದು ಗಂಟೆ ಮುಂಚೆ ಹೋಗಿ ದಾರಿ ಇನ್ನೂ ನೀರಲ್ಲಿರೋದನ್ನ ನೋಡ್ತಾ ಕಾಯ್ತೀರಿ, ಅಷ್ಟೇ. ಆಗಲೇ ಸೇರಿಸಿರೋದಕ್ಕೆ ಇನ್ನೊಂದು ಸಲ ಸೇರಿಸಿದ್ರೆ ವಾಪಸ್ ಬರೋ ಟೈಮ್ ಒಂದು ಗಂಟೆ ಲೇಟಾಗಿ ಲೆಕ್ಕ ಹಾಕಿರ್ತೀರಿ, ಅಪಾಯ ಅದರಲ್ಲೇ ಇರೋದು. ಅದಕ್ಕೆ ಟೇಬಲ್ ಮೇಲೆ ಜಿಎಂಟಿನಾ ಒಂದು ಗಂಟೆ ಸೇರಿಸಿದ ಬೇಸಿಗೆ ಟೈಮ್ ಬಿಎಸ್‌ಟಿನಾ ಅಂತ ಮೊದಲು ಓದಿ, ಊರಿನ ಹೆಸರೂ ಓದಿ, ಯಾಕಂದ್ರೆ ಬೇರೆ ಬಂದರಿನ ಟೈಮ್ ಇಲ್ಲಿಗೆ ಆಗಲ್ಲ.

1:40ಕ್ಕೆ ಇಳಿತ ಅಂದ್ರೆ ದಾರಿ 11:10ಕ್ಕೆ ತೆರೆದು 4:10ಕ್ಕೆ ಮುಚ್ಚುತ್ತೆ. ಈ 4:10 ಅನ್ನೋದು ದ್ವೀಪದಿಂದ ಹೊರಡೋ ಟೈಮ್ ಅಲ್ಲ, ಇಡೀ ಫ್ಯಾಮಿಲಿ ಈ ಕಡೆ ದಡದ ಮೇಲೆ ನಿಂತಿರ್ಬೇಕಾದ ಟೈಮ್. ದಾರಿ ಅಂದ್ರೆ ರಸ್ತೆ ಅಲ್ಲ, ಚೂಪು ಬಂಡೆ, ಪಾಚಿ, ಮಧ್ಯ ನೀರು ನಿಂತ ಗುಂಡಿಗಳು, ಮಕ್ಕಳ ಕೈ ಹಿಡ್ಕೊಂಡು ದಾಟೋಕೆ ಮುಕ್ಕಾಲು ಗಂಟೆ ಇಟ್ಕೊಳ್ಳಿ. ಸ್ಟ್ರಾಲರ್ ಅಂತೂ ಬೇಡವೇ ಬೇಡ. ಹಾಗಾಗಿ ಲೆಕ್ಕದ ಪ್ರಕಾರ 3:25ಕ್ಕೆ ದ್ವೀಪದ ಕಡೆಯಿಂದ ಬಂಡೆ ಮೇಲೆ ಕಾಲಿಡ್ಬೇಕು, ಆದ್ರೆ ಮಕ್ಕಳಿದ್ದವರಿಗೆ ನಮ್ಮ ಸಲಹೆ ಇನ್ನೂ ಬಿಗಿ: ನೀರು ಇಳೀತಾ ಇರೋವಾಗ ಹೋಗಿ, ಇಳಿತದ ಟೈಮಿಗೆ ವಾಪಸ್ ಹೊರಡಿ. ಅಂದ್ರೆ 11:30ಕ್ಕೆ ದಾಟೋಕೆ ಶುರು, 1:40ಕ್ಕೆ ಫೋನಲ್ಲಿ ಅಲಾರಂ, ಎರಡೂವರೆ ಹೊತ್ತಿಗೆ ಈ ಕಡೆ. ಯಾರಾದ್ರೂ ಕಾಲು ಉಳುಕಿಸ್ಕೊಂಡ್ರೂ ಆಗ ಕೈಯಲ್ಲಿ ಒಂದೂವರೆ ಗಂಟೆಗಿಂತ ಜಾಸ್ತಿ ಇರುತ್ತೆ.

ಬಿಸಿಲಿನ ದಿನ ಈ ಲೆಕ್ಕ ತಪ್ಪೋದು ಹೀಗೆ. ಊರೆಲ್ಲಾ ಅವತ್ತೇ ಹೊರಟಿರುತ್ತೆ, ಕಿರಿದಾದ ರಸ್ತೇಲಿ ಟ್ರಾಫಿಕ್, ಪಾರ್ಕಿಂಗ್ ಸಿಗೋಕೆ ಮುಕ್ಕಾಲು ಗಂಟೆ, ಮಕ್ಕಳಿಗೆ ಟಾಯ್ಲೆಟ್, ಅಷ್ಟರಲ್ಲಿ ಒಂದೂವರೆ. ಪಾರ್ಕಿಂಗ್‌ನಿಂದ ಕಲ್ಲಿನ ದಾರಿಯ ತನಕ ನಡೆಯೋದೂ ಇದೆ. ನೀವು ಎಷ್ಟೇ ಲೇಟಾದ್ರೂ 4:10 ಮುಂದಕ್ಕೆ ಹೋಗಲ್ಲ. ಇಷ್ಟು ದೂರ ಬಂದಿದೀವಿ, ಇನ್ನೂ ತುಂಬಾ ಜನ ದಾಟ್ತಿದಾರೆ ಅಂತ ಮನಸ್ಸು ಎಳೆಯುತ್ತೆ, ಆದ್ರೆ ಅವರು ಟೈಮ್ ನೋಡಿದಾರೋ ಇಲ್ವೋ ನಿಮಗೆ ಗೊತ್ತಿಲ್ಲ. ಇಳಿತದ ಟೈಮ್ ದಾಟಿ ಬಂದಿದ್ರೆ ಅವತ್ತು ದ್ವೀಪ ಬಿಡಿ, ಮೇಲಿನ ಗುಡ್ಡದ ದಾರೀಲಿ ನಡ್ಕೊಂಡು ನೋಡಿ, ನೋಟ ಅಲ್ಲಿಂದಲೂ ಚೆನ್ನಾಗೇ ಇರುತ್ತೆ. ಅಲ್ಲಿ ಕೋಸ್ಟ್‌ವಾಚ್ ಸ್ವಯಂಸೇವಕರ ಪುಟ್ಟ ಕಟ್ಟಡ ಇದೆ, ಅವತ್ತಿನ ಸುರಕ್ಷಿತ ಟೈಮ್ ಬೋರ್ಡ್ ಮೇಲೆ ಹಾಕಿರ್ತಾರೆ, ನಿಮ್ಮ ಲೆಕ್ಕಕ್ಕೂ ಬೋರ್ಡಿಗೂ ಹೊಂದ್ತಾ ಅಂತ ನೋಡ್ಕೊಂಡೇ ಇಳೀರಿ.

ಇನ್ನೊಂದು, ಟೇಬಲ್‌ನಲ್ಲಿರೋದು ಸಾಧಾರಣ ಹವಾಮಾನಕ್ಕೆ ಹಾಕಿದ ಲೆಕ್ಕ. ಸಮುದ್ರದಿಂದ ದಡದ ಕಡೆ ಜೋರು ಗಾಳಿ ಇದ್ರೆ ನೀರು ಹೇಳಿದ್ದಕ್ಕಿಂತ ಜಾಸ್ತಿ ಇರುತ್ತೆ, ಬೇಗ ಬರುತ್ತೆ. ದೂರದ ಅಟ್ಲಾಂಟಿಕ್‌ನಲ್ಲಿ ಆದ ಬಿರುಗಾಳಿಯ ದೊಡ್ಡ ಅಲೆಗಳು ಇಲ್ಲಿಗೆ ತಲುಪೋ ಹೊತ್ತಿಗೆ ಇಲ್ಲಿ ಗಾಳೀನೇ ಇಲ್ಲದೆ ಬಿಸಿಲು ಹೊಳೀತಿರಬಹುದು. ಅದಕ್ಕೆ ವೆದರ್ ಆಪ್ ಸಾಲಲ್ಲ, ಅಲೆಯ ಎತ್ತರ ತೋರಿಸೋ ಸರ್ಫ್ ಫೋರ್‌ಕಾಸ್ಟೂ ನೋಡಿ.

ಬೀಚಲ್ಲೇ ನಡೆಯೋರಿಗೂ ಇದೇ ಲೆಕ್ಕ. ನೀರು ಮುಂದಿನಿಂದಲೇ ಬರುತ್ತೆ ಅಂದ್ಕೋಬೇಡಿ, ಮರಳಲ್ಲಿ ತಗ್ಗು ಇರೋ ಕಡೆ ಮೊದಲು ತುಂಬುತ್ತೆ, ನೀವು ನಿಂತಿರೋ ದಿಬ್ಬದ ಹಿಂದೆ ನೀರು ಆಗಲೇ ಬಂದಿರುತ್ತೆ. ಬಂಡೆಯ ಮೂಲೆ ಸುತ್ತಿ ಪಕ್ಕದ ಬೀಚಿಗೆ ಹೋಗೋ ಮುಂಚೆ ಆ ಕಡೆ ಮೇಲೆ ಹತ್ತೋಕೆ ದಾರಿ ಇದೆಯಾ ಅಂತ ಮ್ಯಾಪಲ್ಲಿ ನೋಡಿ.

ಗುಹೆಗಳ ವಿಷಯದಲ್ಲಿ ಇನ್ನೂ ಹುಷಾರು. ಗೋಡೆ ಮೇಲೆ ಚಿಪ್ಪುಹುಳ, ಪಾಚಿ ಎಷ್ಟು ಎತ್ತರಕ್ಕೆ ಅಂಟಿದೆ ನೋಡಿ, ನೀರು ದಿನಾ ಅಷ್ಟೆತ್ತರ ಬರುತ್ತೆ ಅಂತ ಅರ್ಥ. ಎಷ್ಟೋ ಗುಹೆಗಳಲ್ಲಿ ಒಳಗಿನ ನೆಲ ಬಾಯಿಗಿಂತ ಎತ್ತರ, ಹಾಗಾಗಿ ಒಳಗೆ ಒಣಗಿರೋವಾಗಲೇ ಹೊರಗೆ ಬಾಯಿ ಮುಚ್ಚಿಹೋಗುತ್ತೆ. ಒಳಗೆ ಫೋನ್ ಸಿಗ್ನಲ್ ಸಿಗದೇ ಇರಬಹುದು. ನೀರು ಇಳೀತಿರೋವಾಗ ಮಾತ್ರ ಹೋಗಿ, ಒಬ್ಬರು ದೊಡ್ಡವರು ಹೊರಗೇ ನಿಂತು ನೀರು ನೋಡ್ತಿರ್ಲಿ, ಅಲೆ ಜೋರಿದ್ರೆ ಒಳಗೆ ಹೋಗ್ಲೇಬೇಡಿ.

ದ್ವೀಪದಲ್ಲಿ ಸಿಕ್ಕಿಹಾಕಿಕೊಂಡ್ರೆ ನೀರಿಗೆ ಇಳೀಬೇಡಿ, ಮೊಣಕಾಲಷ್ಟೇ ಇದೆ ಅನ್ಸಿದ್ರೂ ಇಳೀಬೇಡಿ, ಅಲ್ಲಿ ಸೆಳೆತ ಜೋರು. ಎತ್ತರದ ಜಾಗದಲ್ಲಿ ಕೂತು 999ಗೆ ಫೋನ್ ಮಾಡಿ, ಕೋಸ್ಟ್‌ಗಾರ್ಡ್ ಬೇಕು ಅಂತ ಕೇಳಿ, ಎಷ್ಟು ಜನ, ಎಷ್ಟು ಮಕ್ಕಳು, ಎಲ್ಲಿದೀರಿ ಅಂತ ಹೇಳಿ. ಹೊರಡೋ ಮುಂಚೆ ಮನೇಲಿರೋರಿಗೋ ಸಂಘದ ಗ್ರೂಪಿಗೋ ಎಲ್ಲಿಗೆ ಹೋಗ್ತಿದೀರಿ, ಎಷ್ಟೊತ್ತಿಗೆ ದಡಕ್ಕೆ ವಾಪಸ್ ಅಂತ ಒಂದು ಮೆಸೇಜ್ ಹಾಕಿ, ವಾಪಸ್ ಬಂದ ಮೇಲೆ ಇನ್ನೊಂದು.