ವಾರಕ್ಕೆ ಎಷ್ಟು ರವಿಕೆ: ಗಡಿಯಾರ ನೋಡಿ ಬರೆದಿಟ್ಟ ಲೆಕ್ಕ

ಬಟ್ಟೆ ಕೈಗೆ ಕೊಡುವ ಮೊದಲೇ ಗಿರಾಕಿ ಕೇಳುವುದು ಒಂದೇ ಮಾತು: "ಯಾವತ್ತು ಕೊಡುತ್ತೀರಿ ಅಕ್ಕ?" ಹೊಲಿಗೆಯವರ ಹೆಸರು ಉಳಿಯುವುದೂ ಕೆಡುವುದೂ ಆಗ ಹೇಳುವ ದಿನಾಂಕದ ಮೇಲೆ. ನಮ್ಮ ಕಸುಬಿನಲ್ಲಿ ಎಲ್ಲರೂ ಬಾಯಲ್ಲೇ ಹಾಕುವ ಲೆಕ್ಕ ಹೀಗಿರುತ್ತದೆ: ಒಂದು ಲೈನಿಂಗ್ ರವಿಕೆಗೆ ಎರಡು ಗಂಟೆ, ಅಂಗಡಿ ಬೆಳಿಗ್ಗೆ ಹತ್ತರಿಂದ ರಾತ್ರಿ ಎಂಟರವರೆಗೆ, ಊಟದ ಒಂದು ಗಂಟೆ ಕಳೆದರೆ ಒಂಬತ್ತು ಗಂಟೆ. ಅಂದರೆ ದಿನಕ್ಕೆ ನಾಲ್ಕು, ಆರು ದಿನಕ್ಕೆ 24. ಹಾಸನದಲ್ಲಿ ಒಂದೇ ಯಂತ್ರ ಇಟ್ಟುಕೊಂಡು ಒಬ್ಬಳೇ ನಡೆಸುವ ನನ್ನ ಅಂಗಡಿಯಲ್ಲಿ ಎರಡು ಗಂಟೆ ಎಂಬ ಮಾತು ಹೆಚ್ಚುಕಡಿಮೆ ನಿಜ. 24 ಎಂಬುದು ನಿಜವಲ್ಲ. ನಡುವಿನ ಗಂಟೆಗಳು ಎಲ್ಲಿ ಹೋಗುತ್ತವೆ ಎಂಬುದನ್ನು ನನಗೆ ತೋರಿಸಿಕೊಟ್ಟದ್ದು ಯಂತ್ರದ ಪಕ್ಕಕ್ಕೆ ದಾರ ಕಟ್ಟಿ ತೂಗುಹಾಕಿರುವ ಒಂದು ಸಣ್ಣ ನೋಟ್‌ಬುಕ್.

ಅದರಲ್ಲಿ ಬರೆಯುವ ಕ್ರಮ ಬಹಳ ಸರಳ. ಕೆಲಸ ಬದಲಾದಾಗಲೆಲ್ಲ ಗೋಡೆ ಗಡಿಯಾರ ನೋಡಿ ಒಂದು ಸಾಲು ಬರೆಯುತ್ತೇನೆ. ಮುಗಿದ ಹೊತ್ತನ್ನು ಬೇರೆ ಬರೆಯಬೇಕಾಗಿಲ್ಲ, ಮುಂದಿನ ಸಾಲು ಶುರುವಾದ ಹೊತ್ತೇ ಹಿಂದಿನದು ಮುಗಿದ ಹೊತ್ತು. ಪೆನ್ಸಿಲಿನಲ್ಲೇ ಬರೆಯುತ್ತೇನೆ, ಏಕೆಂದರೆ ರೇಷ್ಮೆ ಬಟ್ಟೆ ಹರಡಿರುವ ಕಡೆ ಶಾಯಿಯ ಪೆನ್ನನ್ನು ಸುಳಿಯಲೂ ಬಿಡಬಾರದು. ಮೊಬೈಲಿನಲ್ಲಿ ಬರೆಯುವುದು ನನಗೆ ಒಗ್ಗಲಿಲ್ಲ. ಹೊತ್ತು ಬರೆಯಲೆಂದು ತೆರೆದರೆ ಯಾರದೋ ಸಂದೇಶ ಕಾಣುತ್ತದೆ, ಉತ್ತರ ಬರೆಯುವಷ್ಟರಲ್ಲಿ ಬರೆಯಬೇಕಾದದ್ದು ಮರೆತಿರುತ್ತದೆ. ಒಂದು ಬೆಳಗಿನ ಸಾಲುಗಳು ಹೀಗಿವೆ:

10.05 ಹಸಿರು ರೇಷ್ಮೆ, ಕತ್ತರಿ
10.32 ಅದೇ, ಹೊಲಿಗೆ
11.10 ಗಿರಾಕಿ, ಅಳತೆ
11.24 ಹೊಲಿಗೆ
12.06 ಹಸಿರು ದಾರ ಮುಗಿಯಿತು, ಪೇಟೆಗೆ
12.31 ಹೊಲಿಗೆ
12.40 ಹುಕ್ಕು, ಹೆಮ್ಮಿಂಗ್

ಕೇಳಿದವರಿಗೆ ನಾನು "ಹತ್ತೂವರೆಯಿಂದ ಹನ್ನೆರಡು ನಲವತ್ತರವರೆಗೆ ಹೊಲಿಯುತ್ತಿದ್ದೆ" ಎಂದೇ ಹೇಳುತ್ತಿದ್ದೆ. ಆ 128 ನಿಮಿಷಗಳಲ್ಲಿ ಯಂತ್ರ ಓಡಿದ್ದು 89 ನಿಮಿಷ. ಉಳಿದ 39 ನಿಮಿಷದಲ್ಲಿ ಗಿರಾಕಿಗೆ 14, ದಾರಕ್ಕೆ 25. ಗಿರಾಕಿಯ 14 ನಿಮಿಷ ಬೇಕಾದದ್ದೇ, ಅದರಿಂದಲೇ ಅನ್ನ. ದಾರದ 25 ನಿಮಿಷ ಬೇಕಾಗಿರಲಿಲ್ಲ. ರಾತ್ರಿ ಕುಳಿತು ನೆನಪಿನಿಂದ ಬರೆದರೆ ಈ ದಾರದ ಸಾಲು ಪುಸ್ತಕಕ್ಕೆ ಬರುವುದೇ ಇಲ್ಲ. ನಡುವೆ ಎದ್ದು ಹೋದದ್ದನ್ನು ಮನಸ್ಸು ಲೆಕ್ಕಕ್ಕೆ ಹಿಡಿಯುವುದಿಲ್ಲ, ಕೈಯಲ್ಲಿದ್ದ ದೊಡ್ಡ ಕೆಲಸದ ಹೆಸರನ್ನೇ ಇಡೀ ಹೊತ್ತಿಗೆ ಹಚ್ಚಿಬಿಡುತ್ತದೆ. ನೆನಪಿನಿಂದ ತುಂಬಿದ ಪುಟವನ್ನು ಗುರುತಿಸುವುದು ಕಷ್ಟವಲ್ಲ: ಹೊತ್ತುಗಳೆಲ್ಲ ಹತ್ತೂವರೆ, ಹನ್ನೊಂದು, ಹನ್ನೆರಡು ಎಂದು ದುಂಡಗಿರುತ್ತವೆ. ಬರೆಯಲು ಮರೆತ ಹೊತ್ತಿದ್ದರೆ ಅಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ಹಾಗೆಯೇ ಬಿಡುತ್ತೇನೆ. ಊಹೆಯಿಂದ ತುಂಬಿದ ಸಾಲಿಗಿಂತ ಖಾಲಿ ಸಾಲು ಒಳ್ಳೆಯದು, ಕನಿಷ್ಠ ಸುಳ್ಳು ಹೇಳುವುದಿಲ್ಲ.

ಭಾನುವಾರ ಸಂಜೆ ಅರ್ಧ ಗಂಟೆ ಕುಳಿತು ಆರು ದಿನದ ಪುಟಗಳಿಗೆ ಬಣ್ಣದ ಪೆನ್ಸಿಲಿನಲ್ಲಿ ಗುರುತು ಹಾಕುತ್ತೇನೆ. ಕತ್ತರಿ, ಯಂತ್ರದ ಹೊಲಿಗೆ, ಕೈಹೊಲಿಗೆ, ಗಿರಾಕಿ, ತಿದ್ದುಪಡಿ, ಪೇಟೆ, ಉಳಿದದ್ದು: ಇಷ್ಟೇ ಬಣ್ಣ. ಇದಕ್ಕಿಂತ ಹೆಚ್ಚು ವಿಂಗಡಿಸಿದರೆ ಕೂಡಿಸುವಾಗ ಬೇಸರ ಬಂದು ಪುಸ್ತಕವೇ ಮೂಲೆ ಸೇರುತ್ತದೆ. ಸಾಧಾರಣ ವಾರವೊಂದರ ಮೊತ್ತ ಹೀಗೆ ಬಂತು. ಕತ್ತರಿಗೆ 7 ಗಂಟೆ, ಯಂತ್ರಕ್ಕೆ 22, ಹುಕ್ಕು ಹೆಮ್ಮಿಂಗಿನಂಥ ಕೈಹೊಲಿಗೆಗೆ 6. ಇವಿಷ್ಟು ಸೇರಿ 35. ಗಿರಾಕಿಗಳಿಗೆ 9, ತಿದ್ದುಪಡಿಗೆ ನಾಲ್ಕೂವರೆ, ಪೇಟೆಗೆ 3, ಕರೆಂಟು ಹೋದದ್ದು ಮತ್ತು ಚಿಲ್ಲರೆ ಎರಡೂವರೆ. ಒಟ್ಟು 54.

ಇನ್ನು ಒಂದು ರವಿಕೆಯ ಲೆಕ್ಕ. ಕತ್ತರಿಗೆ 25 ನಿಮಿಷ, ಯಂತ್ರಕ್ಕೆ 80, ಕೈಹೊಲಿಗೆಗೆ 20, ಒಟ್ಟು 125. ಇದು ಸರಾಸರಿಯಲ್ಲ. ಇತ್ತೀಚಿನ ರವಿಕೆಗಳ ನಿಮಿಷಗಳನ್ನು ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ಬರೆದು ನಡುವೆ ನಿಂತದ್ದನ್ನು ತೆಗೆದುಕೊಳ್ಳುತ್ತೇನೆ. ಸರಾಸರಿ ತೆಗೆದರೆ ಆರಿ ಕಸೂತಿಯ ಒಂದೇ ರವಿಕೆ ಇಡೀ ಲೆಕ್ಕವನ್ನು ಎಳೆದುಕೊಂಡು ಹೋಗುತ್ತದೆ. ಅಂಥ ರವಿಕೆಯಲ್ಲಿ ಹೊಲಿಗೆ ಹಾಯುವ ದಾರಿಯ ಮಣಿಗಳನ್ನು ಮೊದಲೇ ತೆಗೆಯಬೇಕು, ಇಲ್ಲದಿದ್ದರೆ ಸೂಜಿ ಮುರಿಯುತ್ತದೆ. ತೆಗೆಯುವಾಗ ಪಕ್ಕದ ದಾರ ಬಿಚ್ಚಿಕೊಳ್ಳದಂತೆ ಗಂಟೂ ಹಾಕಬೇಕು. ನನ್ನ ಪುಸ್ತಕದ ಪ್ರಕಾರ ಅದು ಮೂರೂವರೆ ಗಂಟೆಯ ಕೆಲಸ. ಆದ್ದರಿಂದ ಆರಿ ರವಿಕೆ ಒಂದು ಬಂದರೆ ಎರಡು ಸಾದಾ ರವಿಕೆಗಳ ಜಾಗ ಹೋಯಿತೆಂದು ಬರೆದುಕೊಳ್ಳುತ್ತೇನೆ.

35 ಗಂಟೆ ಎಂದರೆ 2100 ನಿಮಿಷ. 125ರಿಂದ ಭಾಗಿಸಿದರೆ 16 ರವಿಕೆ, ಜೊತೆಗೆ ಸ್ವಲ್ಪ ಉಳಿಕೆ. ಬಾಯಿಲೆಕ್ಕದ 24ಕ್ಕೂ ಈ 16ಕ್ಕೂ ನಡುವಿನ ಎಂಟು ರವಿಕೆಗಳೇ ರಾತ್ರಿ ಹನ್ನೊಂದರವರೆಗೆ ಯಂತ್ರ ತುಳಿಸುವುದು, ಗಿರಾಕಿಯ ಮುಂದೆ "ನಾಳೆ ಬನ್ನಿ" ಎನ್ನಿಸುವುದು. ಇದು ಕೈ ನಿಧಾನವಾದದ್ದರಿಂದ ಆಗುವುದಲ್ಲ. ಕೈಯ ವೇಗ ಎರಡೂ ಲೆಕ್ಕದಲ್ಲಿ ಒಂದೇ. ಅಂಗಡಿ ತೆರೆದಿರುವ ಗಂಟೆಯನ್ನೆಲ್ಲ ಹೊಲಿಯುವ ಗಂಟೆ ಎಂದುಕೊಳ್ಳುವುದರಿಂದ ಆಗುವುದು.

ಮೊತ್ತ ಕೂಡಿಸಿದರೆ ಸಾಲದು. ಯಾವುದು ಯಾವ ಹೊತ್ತಿನಲ್ಲಿ ಬಿದ್ದಿದೆ ಎಂದು ನೋಡಲು ಆರು ಪುಟಗಳನ್ನೂ ಬಿಡಿಸಿ ಪಕ್ಕಪಕ್ಕ ಇಟ್ಟೆ. ಗಿರಾಕಿಗಳ ಬಣ್ಣ ದಿನವೆಲ್ಲ ಹರಡಿರಲಿಲ್ಲ. ಹೆಚ್ಚಿನದೆಲ್ಲ ಸಂಜೆ ಐದರಿಂದ ಏಳೂವರೆಯ ನಡುವೆ ಇತ್ತು. ಕಚೇರಿ ಬಿಟ್ಟು ಬರುವವರು, ಮಕ್ಕಳನ್ನು ಟ್ಯೂಷನ್ನಿಗೆ ಬಿಟ್ಟು ಬರುವವರು ಬರುವ ಹೊತ್ತು ಅದು. ಅದೇ ಹೊತ್ತಿನಲ್ಲಿ ಯಂತ್ರಕ್ಕೆ ಕುಳಿತ ದಿನಗಳಲ್ಲಿ ಒಂದು ರವಿಕೆಯ ಯಂತ್ರದ ಕೆಲಸಕ್ಕೆ 110 ನಿಮಿಷ ಹಿಡಿದಿದೆ, ಗಿರಾಕಿಗಳ ನಿಮಿಷಗಳನ್ನು ಕಳೆದ ಮೇಲೂ. ಬೆಳಿಗ್ಗೆ ಅದೇ ಕೆಲಸ 65-70 ನಿಮಿಷದಲ್ಲಿ ಮುಗಿದಿದೆ. ಎದ್ದು ಬಂದು ಕುಳಿತಾಗಲೆಲ್ಲ ಯಾವ ತೋಳು ಎಡ ಯಾವುದು ಬಲ ಎಂದು ಮತ್ತೆ ನೋಡಬೇಕು, ಕೊರಳ ಪಟ್ಟಿಯನ್ನು ಮತ್ತೆ ಪಿನ್ನು ಮಾಡಬೇಕು. ಆ ನಿಮಿಷಗಳೇ ಅಲ್ಲಿ ಸೇರಿರುವುದು.

ಮುಂದಿನ ವಾರದಿಂದ ದಿನವನ್ನೇ ತಿರುಗಿಸಿದೆ. ಹತ್ತರಿಂದ ಊಟದವರೆಗೆ ಯಂತ್ರ, ಊಟದ ನಂತರ ಮರುದಿನದ ರವಿಕೆಗಳ ಕತ್ತರಿ ಮತ್ತು ಉಳಿದ ಯಂತ್ರದ ಕೆಲಸ, ಸಂಜೆ ಐದರ ಮೇಲೆ ಹುಕ್ಕು ಮತ್ತು ಹೆಮ್ಮಿಂಗ್ ಮಾತ್ರ. ಕೈಹೊಲಿಗೆಯನ್ನು ಎಲ್ಲಿ ಬೇಕಾದರೂ ನಿಲ್ಲಿಸಬಹುದು, ಗಿರಾಕಿಯ ಜೊತೆ ಮಾತನಾಡುತ್ತಲೂ ಮಾಡಬಹುದು. ಕತ್ತರಿಯನ್ನು ಮಾತ್ರ ಸಂಜೆಗೆ ಎಂದೂ ಇಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ತಪ್ಪಿದ ಹೊಲಿಗೆಯನ್ನು ಬಿಚ್ಚಬಹುದು, ಕತ್ತರಿಸಿದ ಬಟ್ಟೆ ಮತ್ತೆ ಕೂಡುವುದಿಲ್ಲ.

ಪೇಟೆಯ ಮೂರು ಗಂಟೆ ಸುಲಭವಾಗಿ ಇಳಿಯಿತು. ಸೋಮವಾರ ಅಂಗಡಿ ತೆರೆಯುವ ಮೊದಲು ವಾರದ ಎಲ್ಲ ಬಟ್ಟೆಗಳಿಂದ ಸಣ್ಣ ತುಂಡುಗಳನ್ನು ಕತ್ತರಿಸಿ ಒಂದು ಪಿನ್ನಿಗೆ ಚುಚ್ಚಿಕೊಂಡು ಹೋಗಿ ದಾರ, ಲೈನಿಂಗ್, ಹುಕ್ಕು ಒಟ್ಟಿಗೆ ತರುತ್ತೇನೆ. ಅಂದೇ ಲೈನಿಂಗನ್ನು ನೆನೆಸಿ ಒಣಹಾಕುವುದರಿಂದ, ಒಗೆದ ಮೇಲೆ ಲೈನಿಂಗ್ ಕುಗ್ಗಿ ರವಿಕೆ ಬಿಗಿಯಾಯಿತು ಎಂಬ ದೂರೂ ಇಲ್ಲ.

ತಿದ್ದುಪಡಿಯ ನಾಲ್ಕೂವರೆ ಗಂಟೆ ಅಷ್ಟು ಬೇಗ ಬಗ್ಗಲಿಲ್ಲ. ಪುಸ್ತಕದಲ್ಲಿ ಬರೀ "ತಿದ್ದುಪಡಿ" ಎಂದು ಬರೆದಿದ್ದರೆ ಎಷ್ಟು ಹೊತ್ತು ಹೋಯಿತೆಂದು ತಿಳಿಯುತ್ತದೆ, ಏಕೆ ಹೋಯಿತೆಂದು ತಿಳಿಯುವುದಿಲ್ಲ. ಹಾಗಾಗಿ ಆ ಸಾಲಿನ ಪಕ್ಕದಲ್ಲಿ ಎರಡು ಪದ ಸೇರಿಸತೊಡಗಿದೆ: ತೋಳು ಬಿಗಿ, ಭುಜ ಜಾರುತ್ತದೆ, ಕೊರಳು ಅಗಲ. ಕೆಲವು ವಾರಗಳ ಪುಟ ಕೂಡಿದಾಗ ಅರ್ಧಕ್ಕಿಂತ ಹೆಚ್ಚು ಸಾಲುಗಳಲ್ಲಿ "ತೋಳು ಬಿಗಿ" ಎಂದೇ ಇತ್ತು, ಮತ್ತು ಆ ಸಾಲುಗಳೆಲ್ಲ ಅಳತೆ ರವಿಕೆ ಕೊಟ್ಟು ಹೋದವರದ್ದು. ಮದುವೆ ಕಾಲದ ಅಥವಾ ಬಾಣಂತನಕ್ಕೆ ಮುಂಚಿನ ರವಿಕೆಯನ್ನು ಅಳತೆಗೆ ಕೊಡುತ್ತಾರೆ. ಅಷ್ಟರಲ್ಲಿ ಮೈ ಬದಲಾಗಿರುತ್ತದೆ. ಈಗ ಅಳತೆ ರವಿಕೆ ಕೊಟ್ಟವರ ತೋಳಿನ ಸುತ್ತಳತೆಯನ್ನು ಅಲ್ಲೇ ಟೇಪಿನಲ್ಲಿ ಒಮ್ಮೆ ಹಿಡಿಯುತ್ತೇನೆ, ಒಳಗೆ ಬಿಡುವ ಮಾರ್ಜಿನನ್ನೂ ಸ್ವಲ್ಪ ಹೆಚ್ಚಿಸಿದ್ದೇನೆ. ಗಿರಾಕಿಯ ಹೊತ್ತು ಎರಡು ನಿಮಿಷ ಹೆಚ್ಚಾಗುತ್ತದೆ, ತಿದ್ದುಪಡಿಯ ಅರ್ಧ ಗಂಟೆ ಉಳಿಯುತ್ತದೆ. ವಾರಕ್ಕೆ ಎರಡು ಗಂಟೆಯಾದರೂ ಇದರಿಂದ ಬಿಡುವಾಯಿತು.

ಕರೆಂಟಿನ ವಿಷಯ ನನ್ನ ಕೈಯಲ್ಲಿಲ್ಲ. ಆದರೆ ದುರಸ್ತಿಗಾಗಿ ಪೂರ್ತಿ ದಿನ ನಿಲ್ಲಿಸುವುದಿದ್ದರೆ ಮೊದಲೇ ಪತ್ರಿಕೆಯಲ್ಲಿ ಪ್ರಕಟಿಸುತ್ತಾರೆ. ಅಂಥ ದಿನಕ್ಕೆ ಕತ್ತರಿ ಮತ್ತು ಕೈಹೊಲಿಗೆಯನ್ನು ಕೂಡಿಟ್ಟುಕೊಳ್ಳುತ್ತೇನೆ.

ಇಷ್ಟಾದ ಮೇಲೆ ಹೊಲಿಗೆಯ ಪಾಲು 35ರಿಂದ 39 ಗಂಟೆಗೆ ಬಂತು. ಅಂದರೆ ವಾರಕ್ಕೆ 18 ರವಿಕೆ. ನಾನು ಒಪ್ಪಿಕೊಳ್ಳುವುದು 16. ಎರಡರ ಜಾಗವನ್ನು ಬುಧವಾರದವರೆಗೆ ಖಾಲಿ ಇಡುತ್ತೇನೆ. "ನಾಳಿದ್ದು ನಿಶ್ಚಿತಾರ್ಥ, ಹೇಗಾದರೂ ಹೊಲಿದುಕೊಡಿ" ಎಂದು ಬರುವ ಒಬ್ಬರಾದರೂ ಪ್ರತಿ ವಾರ ಇರುತ್ತಾರೆ, ಅವರ ಸಾಲು ಪುಸ್ತಕದಲ್ಲಿ ತಪ್ಪದೆ ಕಾಣುತ್ತದೆ. ಯಾರೂ ಬರದಿದ್ದರೆ ಗುರುವಾರ ಮುಂದಿನ ವಾರದ ಎರಡು ರವಿಕೆಗಳನ್ನು ಎಳೆದುಕೊಳ್ಳುತ್ತೇನೆ. ಹೊಸ ಬಟ್ಟೆ ಬಂದಾಗ ಪುಸ್ತಕದ ಕೊನೆಯ ಪುಟ ತೆರೆದು ಯಾವ ವಾರದಲ್ಲಿ ಜಾಗ ಇದೆ ಎಂದು ನೋಡಿ, ಆ ವಾರದ ಶನಿವಾರವನ್ನು ಚೀಟಿಯಲ್ಲಿ ಬರೆದುಕೊಡುತ್ತೇನೆ.

ಈ ಲೆಕ್ಕ ವರ್ಷವಿಡೀ ಒಂದೇ ಆಗಿರುವುದಿಲ್ಲ. ಆಷಾಢದಲ್ಲಿ ಮದುವೆಗಳಿಲ್ಲ, ಗಿರಾಕಿಯ ಗಂಟೆಗಳು ಇಳಿಯುತ್ತವೆ, ಹೊಲಿಗೆಗೆ ಹೆಚ್ಚು ಹೊತ್ತು ಸಿಗುತ್ತದೆ. ಶ್ರಾವಣದಲ್ಲಿ ವರಮಹಾಲಕ್ಷ್ಮಿ ಹಬ್ಬ ಹತ್ತಿರ ಬಂದಂತೆ ಅಳತೆ, ವಿಚಾರಣೆ, ಹಾಕಿ ನೋಡುವುದು ಎಲ್ಲ ಸೇರಿ ಗಿರಾಕಿಯ ಬಣ್ಣ ದಿನದ ಮೂರನೇ ಒಂದು ಭಾಗವನ್ನು ತುಂಬುತ್ತದೆ. ಆಷಾಢದ 18ನ್ನು ನಂಬಿ ಶ್ರಾವಣದಲ್ಲಿ ಬಟ್ಟೆ ಒಪ್ಪಿಕೊಂಡರೆ ಕೆಟ್ಟಂತೆಯೇ. ಹಾಗೆಂದು ಹಳೆಯ ಪುಸ್ತಕದಲ್ಲಿ ಹೋದ ವರ್ಷದ ಅದೇ ತಾರೀಖನ್ನು ತೆರೆದರೂ ಉತ್ತರ ಸಿಗುವುದಿಲ್ಲ. 2023ರಲ್ಲಿ ಅಧಿಕ ಶ್ರಾವಣ ಬಂದದ್ದರಿಂದ ಹಬ್ಬ ಆಗಸ್ಟ್ 25ಕ್ಕೆ ಬಿತ್ತು, 2024ರಲ್ಲಿ ಆಗಸ್ಟ್ 16ಕ್ಕೆ, 2025ರಲ್ಲಿ ಆಗಸ್ಟ್ 8ಕ್ಕೆ. ಆದ್ದರಿಂದ ಪ್ರತಿ ವಾರದ ಮೊದಲ ಪುಟದ ತಲೆಯಲ್ಲಿ ತಾರೀಖಿನ ಜೊತೆಗೆ "ವರಮಹಾಲಕ್ಷ್ಮಿಗೆ ಮೂರು ವಾರ", "ಎರಡು ವಾರ" ಎಂದೂ ಬರೆಯುತ್ತೇನೆ. ಮರುವರ್ಷ ಹೋಲಿಸುವುದು ಆ ಹೆಸರಿನ ವಾರವನ್ನೇ.

ಆ ಪುಟಗಳ ಪ್ರಕಾರ ಹಬ್ಬದ ಹಿಂದಿನ ವಾರ ನನ್ನಿಂದ ಆಗುವುದು 13 ರವಿಕೆ. ಅಷ್ಟನ್ನು ಬರೆದುಕೊಂಡ ದಿನ ಬಾಗಿಲಿಗೆ "ಹಬ್ಬದ ಹೊಲಿಗೆ ಭರ್ತಿಯಾಗಿದೆ" ಎಂಬ ಹಲಗೆ ಹಾಕುತ್ತೇನೆ. ಅದನ್ನು ನೋಡಿ ಮುಂದಿನ ಬೀದಿಯ ಅಂಗಡಿಗೆ ಹೋಗುವವರು ಇದ್ದಾರೆ. ಇನ್ನು ಕೆಲವರು ಒಳಗೆ ಬಂದು, ಗೌರಿ ಹಬ್ಬಕ್ಕಾದರೂ ಜಾಗ ಹಿಡಿದಿಡಿ ಎಂದು ಬಟ್ಟೆ ಬಿಟ್ಟು ಹೋಗುತ್ತಾರೆ.