ಬಣ್ಣ ಬಳಿಯದೆ ಫ್ರೆಕಲ್ಸ್ ಹಾಕಿದ ನನ್ನ ಅನುಭವ

ದಾವಣಗೆರೆಯಲ್ಲಿ ರಿಟಚಿಂಗ್ ಅಂದ್ರೆ ಮುಖದ ಕಲೆ ತೆಗೆಯೋದು. ನಾನು ಫೋಟೋಶಾಪಲ್ಲಿ ಫ್ರೆಕಲ್ಸ್, ಅಂದ್ರೆ ಬಿಸಿಲಿಗೆ ಮುಖದ ಮೇಲೆ ಬರೋ ಸಣ್ಣ ಕಂದು ಚುಕ್ಕಿ, ಹಾಕಿಕೊಡ್ತೀನಿ ಅಂದಾಗ ಪರಿಚಯದ ಸ್ಟುಡಿಯೋದವರು, ‘ಬಂಗು ಬಂದಂಗೆ ಕಾಣುತ್ತಪ್ಪಾ, ಯಾರು ದುಡ್ಡು ಕೊಡ್ತಾರೆ?’ ಅಂದಿದ್ದರು. ಮಾಮೂಲಿ ಕ್ಲೀನಿಂಗ್‌ಗೆ 50 ರೂಪಾಯಿ ಸಿಕ್ಕರೆ ಹೆಚ್ಚು. ಇದಕ್ಕೆ ಈಗ ಫೋಟೋಗೆ 350ರ ಆಸುಪಾಸು ಸಿಗುತ್ತಿದೆ. ಅವರೇ ಕೆಲಸ ಕಳಿಸುತ್ತಾರೆ.

ಮೊದಲು 600–700 ಕೊಟ್ಟು, ಫೋಟೋ ಮೇಲೆ ಕೂರಿಸೋ ರೆಡಿಮೇಡ್ ಚುಕ್ಕಿಗಳ ಓವರ್‌ಲೇ ಪ್ಯಾಕ್ ತಗೊಂಡೆ. ಅದು ಬಿಳಿ ಚರ್ಮಕ್ಕೆ ಮಾಡಿದ್ದು, ನಮ್ಮವರ ಮುಖದ ಮೇಲೆ ಕಿತ್ತಳೆ ಚುಕ್ಕಿಗಳಾದವು. ಕಂದು ಬಣ್ಣದ ಬ್ರಷ್, ಮಲ್ಟಿಪ್ಲೈ ಲೇಯರ್ ನೋಡಿದೆ. ದೂರದಿಂದ ಪರವಾಗಿಲ್ಲ. ಜೂಮ್ ಮಾಡಿದರೆ ಮೂಗಿನ ಹೊಳಪಿನ ಮೇಲೂ ಚುಕ್ಕಿ ಕೂತಿತ್ತು. ನಿಜವಾದ ಫ್ರೆಕಲ್ಸ್ ಚರ್ಮದ ಒಳಗಿರುತ್ತೆ, ಎಣ್ಣೆ ಹೊಳಪು ಅದರ ಮೇಲಿರುತ್ತೆ ಅಲ್ವಾ?

ದಾರಿ ಸಿಕ್ಕಿದ್ದು ಚಿತ್ರದುರ್ಗದ ಕೋಟೆಯಲ್ಲಿ ಸಂಜೆ ತೆಗೆದ ಒಂದು ಪೋರ್ಟ್‌ಫೋಲಿಯೋ ಫೋಟೋದಲ್ಲಿ. ಗೋಧಿ ಬಣ್ಣದ ಹುಡುಗಿ, ಬಿಸಿಲು ಎಡಗಡೆಯಿಂದ, ಬಲಗೆನ್ನೆ ನೆರಳಲ್ಲಿ. ಬಣ್ಣ ಬಿಟ್ಟು, ಬೆಳಕನ್ನು ಏರಿಳಿಸೋ ಕರ್ವ್ಸ್ ಲೇಯರ್ ಹಾಕಿದೆ. ಅದರ ಗೆರೆಯನ್ನು ಮಧ್ಯದಲ್ಲಿ ಸ್ವಲ್ಪ ಇಳಿಸಿ, ನೀಲಿಯನ್ನು ಇನ್ನೂ ಒಂಚೂರು ಜಾಸ್ತಿ ಇಳಿಸಿದೆ. ಲೇಯರ್ ಎಲ್ಲಿ ಕಾಣಬೇಕು ಅಂತ ಹೇಳೋ ಮಾಸ್ಕನ್ನು ಪೂರ್ತಿ ಕಪ್ಪು ಮಾಡಿ, ಅದರಲ್ಲಿ ಬಿಳಿ ಚುಕ್ಕಿ ಇಟ್ಟೆ. ಇರುವ ಚರ್ಮವೇ ಕಪ್ಪಾಗೋದರಿಂದ ರಂಧ್ರಗಳು ಹಾಗೇ ಉಳಿಯುತ್ತವೆ. ಚುಕ್ಕಿ 4ರಿಂದ 14 ಪಿಕ್ಸೆಲ್, ಒಂದರಂತೆ ಇನ್ನೊಂದು ಇರಬಾರದು. ಮುಖ ತಿರುಗಿದ ಕಡೆಯ ಕೆನ್ನೆಯಲ್ಲಿ ಬ್ರಷ್ಷನ್ನು ಚಪ್ಪಟೆ ಮಾಡಿ ಚುಕ್ಕಿಗಳನ್ನು ಹತ್ತಿರ ಇಟ್ಟೆ. ಫೋಕಸ್ ತಪ್ಪಿದ ಕಿವಿಯ ಹತ್ತಿರ ಮಾಸ್ಕನ್ನೂ ಅಷ್ಟೇ ಮಸುಕು ಮಾಡಿದೆ.

ಆಮೇಲೆ ಅದೇ ಲೇಯರ್‌ನ ಲೇಯರ್ ಸ್ಟೈಲ್‌ನಲ್ಲಿರೋ Blend If. Underlying Layerನ ಬಿಳಿ ಗುಂಡಿಯನ್ನು Alt ಒತ್ತಿ ಒಡೆದು, ಸುಮಾರು 175–230ರ ನಡುವೆ ಇಟ್ಟೆ. ಮೂಗಿನ ತುದಿಯ ಹೊಳಪಲ್ಲಿ ಚುಕ್ಕಿಗಳು ತಾವೇ ಕರಗಿದವು.

ಬಹಳ ಜನ ಬಿಸಿಲು ಬಿದ್ದ ಕೆನ್ನೆಗೆ ಮಾತ್ರ ಫ್ರೆಕಲ್ಸ್ ಹಾಕುತ್ತಾರೆ. ಅದು ತಪ್ಪು. ಫ್ರೆಕಲ್ಸ್ ಎಷ್ಟೋ ದಿನದ ಬಿಸಿಲಿನದು, ಆ ಸಂಜೆಯದಲ್ಲ. ಎರಡೂ ಕೆನ್ನೆಯ ಮೇಲ್ಭಾಗ, ಮೂಗು, ಹಣೆಯಲ್ಲಿ ಇರಬೇಕು. ಗದ್ದದ ಕೆಳಗೆ ಬೇಡ. ನೆರಳಿನ ಕೆನ್ನೆಯಲ್ಲಿ ಮಂಕಾಗಿ ಕಂಡರೆ ಸಾಕು.

ಬಿಸಿಲಿನ ಹೊಳಪು ಮಾತ್ರ ಆ ಸಂಜೆಯದೇ. ಅದಕ್ಕೆ ಬೇರೆ ಕರ್ವ್ಸ್, ಕೆಂಪು ಒಂಚೂರು ಮೇಲೆ, ನೀಲಿ ಕೆಳಗೆ. ಮೊದಲು RGB ಚಾನೆಲ್ ಮೇಲೆ Ctrl ಒತ್ತಿ ಕ್ಲಿಕ್ ಮಾಡಿ, ಆಮೇಲೆ ಈ ಕರ್ವ್ಸ್ ಹಾಕಿದರೆ ಬೆಳಕಿರುವ ಜಾಗವೇ ಮಾಸ್ಕ್ ಆಗಿ ಸಿಗುತ್ತೆ. ಮಾಸ್ಕಲ್ಲಿ ಬಟ್ಟೆ, ಹಿನ್ನೆಲೆಯ ಜಾಗ ಕಪ್ಪು ಮಾಡಿದರೆ ಆಯ್ತು. ಸುಮ್ನೆ ನೋಡೋಣ ಅಂತ ಮೂಗಿಗೆ ಕೆಂಪು ಹಚ್ಚಿಯೂ ನೋಡಿದೆ. ಗೋಧಿ ಬಣ್ಣಕ್ಕೆ ನೆಗಡಿ ಹಿಡಿದ ಹಾಗೆ ಕಾಣುತ್ತೆ. ಚಿನ್ನದ ಛಾಯೆಯೇ ಸರಿ.

ಚುಕ್ಕಿಯ ಬ್ರಷ್ ಯಾವುದರ ಫೋಟೋದಿಂದ ಮಾಡಿದೆ ಅನ್ನೋದು ನನ್ನಲ್ಲೇ ಇರಲಿ. ಮ್ಯಾಟ್ ಆಲ್ಬಂಗೆ ಕಳಿಸುವಾಗ ಫ್ರೆಕಲ್ಸ್ ಲೇಯರ್‌ನ ಒಪಾಸಿಟಿಯನ್ನು ಶೇ 10–15 ಏರಿಸಿ. ಸ್ಕ್ರೀನಲ್ಲಿ ಹದವಾಗಿದ್ದ ಸಣ್ಣ ಚುಕ್ಕಿಗಳು ಆ ಪೇಪರ್ ಮೇಲೆ ಮಾಯವಾಗುತ್ತವೆ.